ಬಾರ್ ಮಳೆಗೆ, ಗೆರೆ ಉಷ್ಣಾಂಶಕ್ಕೆ: ವಾಯುಗುಣ ಗ್ರಾಫ್ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭೂಗೋಳದ ಪ್ರಶ್ನೆಪತ್ರಿಕೆಯಲ್ಲಿ ಒಂದು ಊರಿನ ಗ್ರಾಫ್ ಕೊಟ್ಟು "ಮಳೆ ಮತ್ತು ಉಷ್ಣಾಂಶದ ಏರಿಳಿತವನ್ನು ವಿವರಿಸಿ" ಅಂತ ಕೇಳುತ್ತಾರೆ. ಕೆಳಗೆ ಬಾರ್‌ಗಳು, ಮೇಲೆ ಒಂದು ಗೆರೆ, ಎರಡು ಬದಿಗೂ ಅಂಕಿಗಳು. ಇದನ್ನು ಪಾಠ ಮಾಡುವಾಗ ಮತ್ತು ಉತ್ತರ ತಿದ್ದುವಾಗ ಮಕ್ಕಳು, ಅವರ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಮಂಗಳೂರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಈ ಗ್ರಾಫ್ ಓದುವಾಗ ಆಗುವ ತಪ್ಪುಗಳೆಲ್ಲ ಅಲ್ಲಿ ಚೆನ್ನಾಗಿ ಕಾಣುತ್ತವೆ.

ಒಂದೇ ಚಿತ್ರದಲ್ಲಿ ಎರಡು ಗ್ರಾಫ್ ಯಾಕೆ?

ಒಂದು ಊರಿನ ವಾಯುಗುಣ ಅಂದರೆ ಮುಖ್ಯವಾಗಿ ಎರಡು ವಿಷಯ: ಯಾವ ತಿಂಗಳಲ್ಲಿ ಎಷ್ಟು ಮಳೆ, ಯಾವ ತಿಂಗಳಲ್ಲಿ ಎಷ್ಟು ಬಿಸಿಲು. ಎರಡನ್ನೂ ಬೇರೆ ಬೇರೆ ಬರೆದರೆ ಒಂದರ ಪಕ್ಕ ಒಂದಿಟ್ಟು ನೋಡುವುದು ಕಷ್ಟ. ಅದಕ್ಕೇ ಕೆಳಗೆ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ತಿಂಗಳು ಬರೆದು, ಅದೇ ತಿಂಗಳುಗಳ ಮೇಲೆ ಎರಡನ್ನೂ ಕೂರಿಸುತ್ತಾರೆ. ಮಳೆಗೆ ಬಾರ್, ಉಷ್ಣಾಂಶಕ್ಕೆ ಗೆರೆ.

ಮಳೆಗೆ ಬಾರೇ ಯಾಕೆ? ಉಷ್ಣಾಂಶಕ್ಕೆ ಗೆರೆಯೇ ಯಾಕೆ?

ಮಳೆಯನ್ನು ಕೂಡಿಸಬಹುದು. ಜುಲೈ ತಿಂಗಳ ಮೂವತ್ತೊಂದು ದಿನ ಮಳೆಮಾಪಕದಲ್ಲಿ ಬಿದ್ದ ನೀರನ್ನೆಲ್ಲ ಕೂಡಿದರೆ ಜುಲೈನ ಮಳೆ ಸಿಗುತ್ತದೆ. ಅದು ಆ ತಿಂಗಳಿಗೆ ಸೇರಿದ ರಾಶಿ. ಪಕ್ಕದ ತಿಂಗಳ ರಾಶಿ ಬೇರೆ. ಹಾಗಾಗಿ ತಿಂಗಳಿಗೊಂದು ಬಾರ್.

ಉಷ್ಣಾಂಶವನ್ನು ಕೂಡಿಸಿದರೆ ಅರ್ಥವೇ ಇಲ್ಲ. ಇವತ್ತು 30 ಡಿಗ್ರಿ, ನಾಳೆ 30 ಡಿಗ್ರಿ, ಎರಡೂ ಸೇರಿ 60 ಡಿಗ್ರಿ ಅಂತ ಯಾರಾದರೂ ಹೇಳುತ್ತಾರಾ? ಉಷ್ಣಾಂಶ ಯಾವಾಗಲೂ ಇದ್ದೇ ಇರುತ್ತದೆ, ಒಂದು ತಿಂಗಳಿಂದ ಇನ್ನೊಂದಕ್ಕೆ ಹರಿದುಕೊಂಡು ಹೋಗುತ್ತದೆ. ಅದಕ್ಕೆ ಪ್ರತಿ ತಿಂಗಳ ಸರಾಸರಿಗೆ ಒಂದು ಚುಕ್ಕೆ ಇಟ್ಟು, ಚುಕ್ಕೆಗಳನ್ನು ಗೆರೆಯಿಂದ ಸೇರಿಸುತ್ತಾರೆ.

ಈ ವ್ಯತ್ಯಾಸ ನಿಮ್ಮ ಉತ್ತರದಲ್ಲೂ ಕಾಣಬೇಕು. "ಒಟ್ಟು ಮಳೆ" ಅನ್ನಬಹುದು, "ಒಟ್ಟು ಉಷ್ಣಾಂಶ" ಅನ್ನಬಾರದು. ಉಷ್ಣಾಂಶಕ್ಕೆ ಸರಾಸರಿ ಇದೆ, ಹೆಚ್ಚು ಕಡಿಮೆಗಳ ಅಂತರ ಇದೆ, ಮೊತ್ತ ಇಲ್ಲ.

ಗ್ರಾಫ್‌ನಿಂದ ಅಂಕಿ ಓದುವುದು ಹೇಗೆ? ನನಗೆ ಯಾವಾಗಲೂ ಹೆಚ್ಚುಕಮ್ಮಿ ಬರುತ್ತದೆ.

ಮೊದಲು ಎರಡೂ ಬದಿಯ ಹೆಸರು ಓದಿ. ಒಂದು ಬದಿಯಲ್ಲಿ ಮಿಲಿಮೀಟರ್, ಇನ್ನೊಂದು ಬದಿಯಲ್ಲಿ ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನುವುದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಹೋದ ಸಲ ಮಳೆ ಎಡಕ್ಕಿತ್ತು ಅಂತ ಈ ಸಲವೂ ಎಡಕ್ಕೇ ನೋಡಿದರೆ ಇಡೀ ಉತ್ತರ ಕೆಡುತ್ತದೆ.

ಆಮೇಲೆ ಒಂದು ಸಣ್ಣ ಮನೆಯ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ. ಮಂಗಳೂರಿನ ಗ್ರಾಫ್‌ನಲ್ಲಿ ಮಳೆಯ ಬದಿಯಲ್ಲಿ 0, 200, 400 ಹೀಗೆ 1200ರವರೆಗೆ ಬರೆದಿದೆ, ಎರಡು ಅಂಕಿಗಳ ನಡುವೆ ಐದು ಸಣ್ಣ ಮನೆಗಳಿವೆ ಅಂತ ಇಟ್ಟುಕೊಳ್ಳಿ. 200 ಭಾಗಿಸು 5 ಅಂದರೆ ಒಂದು ಮನೆಗೆ 40 ಮಿ.ಮೀ. ಈಗ ಆಗಸ್ಟ್ ಬಾರ್‌ನ ತಲೆಯ ಮೇಲೆ ಅಳತೆಪಟ್ಟಿಯನ್ನು ಅಡ್ಡಲಾಗಿ ಇಡಿ. ಪಟ್ಟಿ ಮಳೆಯ ಬದಿಯನ್ನು ಮುಟ್ಟುವ ಜಾಗ 600ರ ಮೇಲೆ ಎರಡೂವರೆ ಮನೆ. ಎರಡೂವರೆ ಸಲ 40 ಅಂದರೆ 100. ಹಾಗಾದರೆ ಆಗಸ್ಟ್ ಮಳೆ ಸುಮಾರು 700 ಮಿ.ಮೀ.

ಬಹಳ ಮಕ್ಕಳು ಒಂದು ಮನೆಗೆ 10 ಅಂತ ಅಂದಾಜಿನಲ್ಲೇ ಹಿಡಿದುಬಿಡುತ್ತಾರೆ. ಆಗ ಇದೇ ಬಾರ್ 625 ಆಗುತ್ತದೆ. ಅಂಕಿ ತಪ್ಪು ಅಂತ ಅವರಿಗೆ ಗೊತ್ತೂ ಆಗುವುದಿಲ್ಲ, ಯಾಕೆಂದರೆ 625 ಕೂಡ ನಂಬುವ ಹಾಗೇ ಇದೆ. ಪರೀಕ್ಷಿಸಲು ಒಂದು ದಾರಿ ಇದೆ: ನಿಮ್ಮ ಮನೆಯ ಬೆಲೆಯಲ್ಲೇ 600ರಿಂದ ಮೇಲಕ್ಕೆ ಎಣಿಸಿಕೊಂಡು ಹೋಗಿ. ಐದನೇ ಮನೆಗೆ 800 ಬರಬೇಕು. 650ಕ್ಕೇ ನಿಂತರೆ ಬೆಲೆ ತಪ್ಪು.

ಗೆರೆಯನ್ನೂ ಹೀಗೇ ಓದಿ, ಆದರೆ ಪಟ್ಟಿ ಉಷ್ಣಾಂಶದ ಬದಿಗೆ ಹೋಗಲಿ. ಚುಕ್ಕೆ ಇರುವ ಜಾಗದಲ್ಲಿ ಮಾತ್ರ ಓದಿ. ಎರಡು ಚುಕ್ಕೆಗಳ ನಡುವಿನ ಗೆರೆ ಸುಮ್ನೆ ಸೇತುವೆ ಅಷ್ಟೇ, ಅಲ್ಲಿ ಯಾರೂ ಅಳೆದ ಅಂಕಿ ಇಲ್ಲ.

ಮಂಗಳೂರಿನ ಅಂಕಿಗಳನ್ನು ಒಮ್ಮೆ ಪೂರ್ತಿ ಕೊಡುತ್ತೀರಾ?

ಕೊಡುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ. ಯಾವ ವರ್ಷಗಳ ಸರಾಸರಿ ಅನ್ನುವುದರ ಮೇಲೆ ನಿಮ್ಮ ಪುಸ್ತಕದಲ್ಲಿ ಸ್ವಲ್ಪ ಬೇರೆ ಇರಬಹುದು, ಆಕಾರ ಮಾತ್ರ ಇದೇ.

| ತಿಂಗಳು | ಸರಾಸರಿ ಉಷ್ಣಾಂಶ (ಡಿಗ್ರಿ) | ಮಳೆ (ಮಿ.ಮೀ.) |
|---|---|---|
| ಜನವರಿ | 27 | 0 |
| ಫೆಬ್ರವರಿ | 27 | 0 |
| ಮಾರ್ಚ್ | 28 | 5 |
| ಏಪ್ರಿಲ್ | 29 | 30 |
| ಮೇ | 29 | 160 |
| ಜೂನ್ | 27 | 950 |
| ಜುಲೈ | 26 | 1050 |
| ಆಗಸ್ಟ್ | 26 | 700 |
| ಸೆಪ್ಟೆಂಬರ್ | 26 | 300 |
| ಅಕ್ಟೋಬರ್ | 27 | 190 |
| ನವೆಂಬರ್ | 27 | 70 |
| ಡಿಸೆಂಬರ್ | 27 | 15 |

ಜನವರಿಯಲ್ಲಿ ಸೊನ್ನೆ ಅಂದರೆ ಅಲ್ಲಿ ಜನವರಿಯಲ್ಲಿ ಹನಿಯೂ ಬಿದ್ದೇ ಇಲ್ಲ ಅಂತಲ್ಲ. ಸರಾಸರಿ ಅಷ್ಟು ಸಣ್ಣದು, ಬಾರ್ ಕಾಣುವುದೇ ಇಲ್ಲ ಅಂತ ಅರ್ಥ. ಉತ್ತರದಲ್ಲಿ "ಬಹುತೇಕ ಮಳೆ ಇಲ್ಲ" ಅಂತ ಬರೆಯುವುದೇ ಸರಿ.

ಜೂನ್‌ನಲ್ಲಿ ಬಾರ್‌ಗಳು ಗೆರೆಯನ್ನು ದಾಟಿ ಮೇಲೆ ಹೋಗುತ್ತವೆ. ಅಂದರೆ ಆಗ ಉಷ್ಣಾಂಶಕ್ಕಿಂತ ಮಳೆ ಜಾಸ್ತಿ ಅಂತಲಾ?

ಅಲ್ಲ. ನಾನು ಅತಿ ಹೆಚ್ಚು ಸಲ ತಿದ್ದಿದ ತಪ್ಪು ಇದು. ಮಿಲಿಮೀಟರನ್ನೂ ಡಿಗ್ರಿಯನ್ನೂ ಹೋಲಿಸಲು ಆಗುವುದಿಲ್ಲ. ಒಂದು ಲೀಟರ್ ಹಾಲು ಜಾಸ್ತಿಯೋ ಒಂದು ಗಂಟೆ ಜಾಸ್ತಿಯೋ ಅಂತ ಕೇಳಿದ ಹಾಗೆ.

ಬಾರ್ ಗೆರೆಯನ್ನು ಎಲ್ಲಿ ದಾಟುತ್ತದೆ ಅನ್ನುವುದು ಗ್ರಾಫ್ ಬರೆದವರ ಕೈಯಲ್ಲಿದೆ. ಮಳೆಯ ಬದಿಯನ್ನು 1200ರ ಬದಲು 2400ರವರೆಗೆ ಎಳೆದರೆ ಎಲ್ಲ ಬಾರ್‌ಗಳೂ ಅರ್ಧಕ್ಕೆ ಇಳಿಯುತ್ತವೆ. ಉಷ್ಣಾಂಶದ ಬದಿ 0ಯಿಂದ 30ರವರೆಗೆ ಇದ್ದರೆ ಗೆರೆ ಮೇಲುಗಡೆಯೇ ಉಳಿಯುತ್ತದೆ, ಆಗ ಬಾರ್‌ಗಳು ಅದನ್ನು ಮುಟ್ಟುವುದೂ ಇಲ್ಲ. ಮಂಗಳೂರಿನಲ್ಲಿ ಒಂದು ಹನಿಯೂ ಹೆಚ್ಚುಕಮ್ಮಿ ಆಗಿರುವುದಿಲ್ಲ, ಚಿತ್ರ ಮಾತ್ರ ಬದಲಾಗಿರುತ್ತದೆ.

ಹಾಗಾಗಿ ನೋಡಬೇಕಾದ್ದು ಎತ್ತರವನ್ನಲ್ಲ, ದಿಕ್ಕನ್ನು. ಬಾರ್‌ಗಳು ಏರುವಾಗ ಗೆರೆ ಏನು ಮಾಡುತ್ತಿದೆ? ಮಂಗಳೂರಿನಲ್ಲಿ ಮೇಯಿಂದ ಜುಲೈಗೆ ಬಾರ್‌ಗಳು ಏರುತ್ತವೆ, ಗೆರೆ ಇಳಿಯುತ್ತದೆ. ಇದನ್ನು ಧೈರ್ಯವಾಗಿ ಬರೆಯಬಹುದು, ಯಾವ ಅಳತೆಯಲ್ಲಿ ಬರೆದರೂ ಇದು ಬದಲಾಗುವುದಿಲ್ಲ.

ಆದರೆ ದಾಟುವ ಜಾಗಕ್ಕೆ ಅರ್ಥ ಇದೆ ಅಂತ ಟ್ಯೂಷನ್‌ನಲ್ಲಿ ಹೇಳಿಕೊಟ್ಟಿದ್ದಾರಲ್ಲ?

ಒಂದು ವಿಶೇಷ ಗ್ರಾಫ್‌ನಲ್ಲಿ ಇದೆ. ಅದಕ್ಕೆ ವಾಲ್ಟರ್–ಲೀಥ್ ಗ್ರಾಫ್ ಅಂತಾರೆ. ಜರ್ಮನಿಯ ಇಬ್ಬರು ಸಸ್ಯಪರಿಸರ ವಿಜ್ಞಾನಿಗಳ ಹೆಸರು ಅದು. ಅದರಲ್ಲಿ ಎರಡೂ ಬದಿಯ ಅಳತೆಯನ್ನು ಬೇಕೆಂದೇ ಕಟ್ಟಿಹಾಕಿರುತ್ತಾರೆ: 10 ಡಿಗ್ರಿಯ ಎದುರಿಗೆ 20 ಮಿ.ಮೀ., 20 ಡಿಗ್ರಿಯ ಎದುರಿಗೆ 40 ಮಿ.ಮೀ. ಮಳೆ ಉಷ್ಣಾಂಶದ ಗೆರೆಗಿಂತ ಕೆಳಗೆ ಹೋದ ತಿಂಗಳು ಒಣ ತಿಂಗಳು. ಬಿಸಿಲು ಹೆಚ್ಚಿದಷ್ಟೂ ನೀರು ಬೇಗ ಆವಿಯಾಗುತ್ತದೆ ಅನ್ನುವುದನ್ನು ಸರಳವಾಗಿ ಹಿಡಿಯುವ ಅಂದಾಜು ಅದು.

ಮಂಗಳೂರಿಗೆ ಹಾಕಿ ನೋಡೋಣ. ಉಷ್ಣಾಂಶದ ಎರಡರಷ್ಟಕ್ಕಿಂತ ಮಳೆ ಕಡಿಮೆ ಇದ್ದರೆ ಒಣ ತಿಂಗಳು. ಏಪ್ರಿಲ್‌ನಲ್ಲಿ 29ರ ಎರಡರಷ್ಟು 58, ಮಳೆ 30 ಮಾತ್ರ. ಒಣ. ನವೆಂಬರ್‌ನಲ್ಲಿ 27ರ ಎರಡರಷ್ಟು 54, ಮಳೆ 70. ಒಣ ಅಲ್ಲ. ಹೀಗೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಐದು ಒಣ ತಿಂಗಳು ಸಿಗುತ್ತವೆ. ಅಷ್ಟೊಂದು ಮಳೆ ಬೀಳುವ ಊರಲ್ಲೂ ವರ್ಷದ ಐದು ತಿಂಗಳು ಒಣ ಅನ್ನುವುದು ಗಮನಿಸಬೇಕಾದ ಮಾತು, ಅಲ್ವಾ?

ನಿಮ್ಮ ಪ್ರಶ್ನೆಪತ್ರಿಕೆಯ ಗ್ರಾಫ್‌ನಲ್ಲಿ ಈ ಒಂದಕ್ಕೆರಡು ಅಳತೆ ಇಲ್ಲದಿದ್ದರೆ, ದಾಟುವ ಜಾಗದ ಬಗ್ಗೆ ಒಂದು ಮಾತೂ ಬರೆಯಬೇಡಿ.

"ಏರಿಳಿತ ವಿವರಿಸಿ" ಅಂದರೆ ಏನು ಬರೆಯಬೇಕು?

ಹನ್ನೆರಡೂ ತಿಂಗಳ ಅಂಕಿ ಬರೆಯುವುದಲ್ಲ. ಗ್ರಾಫ್ ಎದುರಿಗಿಲ್ಲದ ಒಬ್ಬರಿಗೆ ಫೋನಿನಲ್ಲಿ ಅದರ ಆಕಾರ ಹೇಳುತ್ತಿದ್ದೀರಿ ಅಂದುಕೊಳ್ಳಿ. ಮೊದಲು ಇಡೀ ವರ್ಷದ ಚಿತ್ರ, ಆಮೇಲೆ ತುದಿಗಳು, ಆಮೇಲೆ ಎಲ್ಲಿ ಜೋರಾಗಿ ತಿರುಗುತ್ತದೆ ಅನ್ನುವುದು.

ಒಬ್ಬ ಹುಡುಗಿ ಬರೆದ ಉತ್ತರ ಹೀಗಿತ್ತು:

"ಜನವರಿಯಲ್ಲಿ ಮಳೆ ಇಲ್ಲ. ಫೆಬ್ರವರಿಯಲ್ಲಿ ಮಳೆ ಇಲ್ಲ. ಮಾರ್ಚ್‌ನಲ್ಲಿ ಸ್ವಲ್ಪ ಮಳೆ. ಏಪ್ರಿಲ್‌ನಲ್ಲಿ ಇನ್ನೂ ಸ್ವಲ್ಪ ಮಳೆ. ಆಮೇಲೆ ಮಳೆ ಜಾಸ್ತಿಯಾಗುತ್ತದೆ. ಆಮೇಲೆ ಕಡಿಮೆಯಾಗುತ್ತದೆ. ಉಷ್ಣಾಂಶ ಹೆಚ್ಚು ಕಡಿಮೆ ಆಗುತ್ತದೆ."

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಈ ಮಾತುಗಳು ಮುಂಗಾರು ಮಳೆಯ ಯಾವ ಊರಿಗಾದರೂ ಹೊಂದುತ್ತವೆ. ಮಳೆ ಎಷ್ಟು, ಎಷ್ಟು ಬೇಗ ಏರುತ್ತದೆ, ಯಾವಾಗ ತುದಿ ಮುಟ್ಟುತ್ತದೆ, ಯಾವುದೂ ಇಲ್ಲ. ಇಬ್ಬರೂ ಕೂತು ಅದನ್ನೇ ಹೀಗೆ ಮಾಡಿದೆವು:

"ಮಂಗಳೂರಿನ ಮಳೆ ವರ್ಷವಿಡೀ ಸಮನಾಗಿ ಹಂಚಿಲ್ಲ. ವರ್ಷದ ಸುಮಾರು 3470 ಮಿ.ಮೀ. ಮಳೆಯಲ್ಲಿ 3000 ಮಿ.ಮೀ. ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಐದು ತಿಂಗಳಲ್ಲಿ ಬೀಳುವುದು ಒಟ್ಟು 50 ಮಿ.ಮೀ. ಮಾತ್ರ. ಮಳೆ ಮೇ ತಿಂಗಳ 160ರಿಂದ ಜೂನ್‌ನಲ್ಲಿ 950 ಮಿ.ಮೀ.ಗೆ, ಅಂದರೆ ಸುಮಾರು ಆರು ಪಟ್ಟು, ಒಮ್ಮೆಲೇ ಏರುತ್ತದೆ. ಜುಲೈನಲ್ಲಿ 1050 ಮಿ.ಮೀ. ತಲುಪಿ, ನಂತರ ಡಿಸೆಂಬರ್‌ವರೆಗೆ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಉಷ್ಣಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಏಪ್ರಿಲ್ ಮತ್ತು ಮೇಯಲ್ಲಿ 29 ಡಿಗ್ರಿ ಗರಿಷ್ಠ, ಜುಲೈನಿಂದ ಸೆಪ್ಟೆಂಬರ್‌ವರೆಗೆ 26 ಡಿಗ್ರಿ ಕನಿಷ್ಠ, ಅಂತರ 3 ಡಿಗ್ರಿ ಮಾತ್ರ. ಮಳೆ ಅತಿ ಹೆಚ್ಚಿರುವ ತಿಂಗಳಲ್ಲೇ ಉಷ್ಣಾಂಶ ಅತಿ ಕಡಿಮೆ ಇದೆ."

ಏರುವುದಕ್ಕೂ ಇಳಿಯುವುದಕ್ಕೂ ಬಳಸಿದ ಮಾತು ನೋಡಿ. ಏರಿಕೆ "ಒಮ್ಮೆಲೇ", ಇಳಿಕೆ "ತಿಂಗಳಿಂದ ತಿಂಗಳಿಗೆ". ಗ್ರಾಫ್‌ನಲ್ಲೂ ಹಾಗೇ ಇದೆ: ಎಡಗಡೆ ಗೋಡೆ ಎದ್ದ ಹಾಗೆ, ಬಲಗಡೆ ಮೆಟ್ಟಿಲು ಇಳಿದ ಹಾಗೆ. ಈ ಒಂದೆರಡು ಪದ ಸೇರಿದಾಗ ಅದು ಮಂಗಳೂರಿನದೇ ವಿವರಣೆ ಆಗುತ್ತದೆ. ಮತ್ತೆ ಕೊನೆಯ ವಾಕ್ಯ ಬಾರ್ ಮತ್ತು ಗೆರೆ ಎರಡನ್ನೂ ಸೇರಿಸಿ ಹೇಳುತ್ತದೆ. ಅದನ್ನು ಬಿಟ್ಟರೆ ಎರಡು ಗ್ರಾಫ್ ಒಂದೇ ಕಡೆ ಬರೆದ ಉದ್ದೇಶವೇ ಹೋಯಿತು.

ಉಷ್ಣಾಂಶದ ಗೆರೆ ನನ್ನ ಗ್ರಾಫ್‌ನಲ್ಲಿ ಬೆಟ್ಟದ ಹಾಗೆ ಏರಿ ಇಳಿದಿದೆ. ನೀವು "ಹೆಚ್ಚು ವ್ಯತ್ಯಾಸವಿಲ್ಲ" ಅಂತೀರಲ್ಲ?

ಉಷ್ಣಾಂಶದ ಬದಿ ಎಲ್ಲಿಂದ ಶುರುವಾಗಿದೆ ನೋಡಿ. 0ಯಿಂದ 30 ಇದ್ದರೆ 3 ಡಿಗ್ರಿ ಅಂದರೆ ಎತ್ತರದ ಹತ್ತನೇ ಒಂದು ಭಾಗ, ಗೆರೆ ಬಹುತೇಕ ಮಟ್ಟಸ. ಅದೇ ಬದಿ 25ರಿಂದ 30 ಮಾತ್ರ ಇದ್ದರೆ ಅದೇ 3 ಡಿಗ್ರಿ ಅರ್ಧಕ್ಕಿಂತ ಜಾಸ್ತಿ ಎತ್ತರ ನುಂಗುತ್ತದೆ. ಅದಕ್ಕೇ ಕಣ್ಣನ್ನು ನಂಬಬೇಡಿ. ಗರಿಷ್ಠದಿಂದ ಕನಿಷ್ಠ ಕಳೆಯಿರಿ, ಬಂದ ಉತ್ತರ ನೋಡಿ "ಹೆಚ್ಚು" ಅಥವಾ "ಕಡಿಮೆ" ಅನ್ನಿ. ದೆಹಲಿಯಲ್ಲಿ ಜನವರಿಗೂ ಜೂನ್‌ಗೂ ಸುಮಾರು 20 ಡಿಗ್ರಿ ಅಂತರ ಇದೆ. ಅದರ ಪಕ್ಕ ಮಂಗಳೂರಿನ 3 ಡಿಗ್ರಿ ಏನೂ ಅಲ್ಲ.

ಎಷ್ಟು ಅಂಕಿ ಬರೆದರೆ ಸಾಕು?

ಹೇಳಿದ ಪ್ರತಿ ಮಾತಿಗೂ ಒಂದು ತಿಂಗಳ ಹೆಸರು, ಒಂದು ಅಂಕಿ, ಅದರ ಮಾನ. ಮಾನ ಬಿಟ್ಟರೆ 29 ಅನ್ನುವುದು ಮಳೆಯೋ ಬಿಸಿಲೋ ಓದುವವರಿಗೆ ತಿಳಿಯುವುದಿಲ್ಲ.

ವಿವರಿಸಿ ಅಂದಾಗ ಕಾರಣವನ್ನೂ ಬರೆಯಬೇಕಾ?

"ಗ್ರಾಫ್‌ನಲ್ಲಿ ಕಾಣುವುದನ್ನು ವಿವರಿಸಿ" ಅಂದರೆ ಕಂಡದ್ದು ಮಾತ್ರ ಸಾಕು. "ಕಾರಣ ಕೊಡಿ" ಅಥವಾ "ಯಾಕೆ" ಅಂತ ಕೇಳಿದಾಗ ಕಾರಣ. ವಿವರಿಸುವ ಪ್ರಶ್ನೆಗೆ ನೇರವಾಗಿ "ಪಶ್ಚಿಮ ಘಟ್ಟ ಇರುವುದರಿಂದ" ಅಂತ ಶುರು ಮಾಡಿದರೆ, ಬರೆದದ್ದು ಸರಿಯಿದ್ದರೂ ಕೇಳಿದ್ದಕ್ಕೆ ಉತ್ತರ ಆಗುವುದಿಲ್ಲ. ಪಶ್ಚಿಮ ಘಟ್ಟ ಗ್ರಾಫ್‌ನಲ್ಲಿ ಎಲ್ಲೂ ಇಲ್ಲ.

ಕಾರಣ ಕೇಳಿದರೆ ಗ್ರಾಫ್‌ನ ಒಂದೊಂದು ತಿರುವಿಗೂ ಒಂದೊಂದು ಕಾರಣ ಜೋಡಿಸಿ. ಜೂನ್‌ನ ಗೋಡೆ ಯಾಕೆ? ಜೂನ್ ಮೊದಲ ವಾರದ ಹೊತ್ತಿಗೆ ನೈಋತ್ಯ ಮುಂಗಾರು ಕರಾವಳಿ ಮುಟ್ಟುತ್ತದೆ. ಬಾರ್‌ಗಳು ಅಷ್ಟು ಎತ್ತರ ಯಾಕೆ? ಅರಬ್ಬಿ ಸಮುದ್ರದ ಮೇಲಿಂದ ತೇವ ಹೊತ್ತು ಬರುವ ಗಾಳಿ ಪಶ್ಚಿಮ ಘಟ್ಟಕ್ಕೆ ತಡೆದು ಮೇಲೇರುತ್ತದೆ, ತಣ್ಣಗಾಗುತ್ತದೆ, ಮಳೆ ಸುರಿಸುತ್ತದೆ. ಮಂಗಳೂರು ಘಟ್ಟದ ಗಾಳಿಗೆ ಎದುರಾದ ಬದಿಯಲ್ಲಿದೆ. ಜುಲೈನಲ್ಲಿ ಗೆರೆ ಯಾಕೆ ಇಳಿಯುತ್ತದೆ? ಮೋಡ ಬಿಸಿಲನ್ನು ತಡೆಯುತ್ತದೆ, ಒದ್ದೆ ನೆಲದ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಅಂತರ 3 ಡಿಗ್ರಿ ಮಾತ್ರ ಯಾಕೆ? ಪಕ್ಕದಲ್ಲೇ ಸಮುದ್ರ ಇದೆ. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಊರು ಸಮಭಾಜಕ ವೃತ್ತದಿಂದ ತೀರಾ ದೂರವೂ ಇಲ್ಲ.

ಆಗಸ್ಟ್‌ನಿಂದ ಬಾರ್‌ಗಳು ಇಳಿಯುತ್ತಿವೆ. "ಮಂಗಳೂರಿನಲ್ಲಿ ಮಳೆ ಕಡಿಮೆಯಾಗುತ್ತಿದೆ" ಅಂತ ಬರೆಯಬಹುದಾ?

ಬೇಡ. ಹಾಗೆ ಬರೆದರೆ ವರ್ಷದಿಂದ ವರ್ಷಕ್ಕೆ ಮಳೆ ಕುಗ್ಗುತ್ತಿದೆ ಅಂತ ಅರ್ಥ ಬರುತ್ತದೆ. ಈ ಗ್ರಾಫ್‌ನಲ್ಲಿ ವರ್ಷಗಳೇ ಇಲ್ಲ, ತಿಂಗಳುಗಳು ಮಾತ್ರ ಇವೆ. ಸಾಮಾನ್ಯವಾಗಿ 30 ವರ್ಷಗಳ ಅಂಕಿ ತೆಗೆದುಕೊಂಡು ಪ್ರತಿ ತಿಂಗಳಿಗೂ ಸರಾಸರಿ ಹಾಕಿ ಇದನ್ನು ಬರೆಯುತ್ತಾರೆ. ಈಗ ಬಳಕೆಯಲ್ಲಿರುವ ಅವಧಿ 1991ರಿಂದ 2020. ಮೂವತ್ತು ಜುಲೈಗಳು ಒಂದೇ ಬಾರ್ ಆಗಿ ಕೂತಿವೆ. ಅದರಲ್ಲಿ ಬರಗಾಲದ ಜುಲೈಯೂ ಇದೆ, ನೆರೆ ಬಂದ ಜುಲೈಯೂ ಇದೆ, ಎರಡೂ ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಹೋದ ವರ್ಷ ಏನಾಯಿತು, ವಾಯುಗುಣ ಬದಲಾಗುತ್ತಿದೆಯಾ ಅನ್ನುವುದನ್ನು ಇದರಿಂದ ಹೇಳಲು ಆಗುವುದಿಲ್ಲ. ಅದಕ್ಕೆ ವರ್ಷಗಳನ್ನು ಕೆಳಗೆ ಬರೆದ ಬೇರೆ ಗ್ರಾಫ್ ಬೇಕು.

"ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮಳೆ ಇಳಿಯುತ್ತದೆ" ಅಂತ ಬರೆಯಿರಿ. "ಇಳಿಯುತ್ತಿದೆ" ಬೇಡ. ಒಂದೇ ಅಕ್ಷರದ ವ್ಯತ್ಯಾಸ, ಅರ್ಥ ಪೂರ್ತಿ ಬೇರೆ.

ಮಳೆ ಬಿದ್ದ ದಿನ ಎಷ್ಟು ಅನ್ನುವುದೂ ಬಾರ್‌ನಲ್ಲಿ ಇಲ್ಲ. 300 ಮಿ.ಮೀ. ಮೂರೇ ದಿನದಲ್ಲಿ ಸುರಿದಿರಬಹುದು, ದಿನಾ ಜಿಟಿಜಿಟಿ ಬಿದ್ದೂ ಆಗಿರಬಹುದು.

ಎರಡು ಊರಿನ ಗ್ರಾಫ್ ಕೊಟ್ಟು ಹೋಲಿಸಿ ಅಂದರೆ?

ಮೊದಲು ಎರಡರ ಅಳತೆಯೂ ಒಂದೇನಾ ನೋಡಿ. ಬೆಂಗಳೂರಿನ ಗ್ರಾಫ್‌ನಲ್ಲಿ ಮಳೆಯ ಬದಿ 250ರವರೆಗೆ ಇರಬಹುದು, ಮಂಗಳೂರಿನದು 1200ರವರೆಗೆ. ಹಾಗಿದ್ದಾಗ ಬೆಂಗಳೂರಿನ ಸೆಪ್ಟೆಂಬರ್ ಬಾರ್ ಮಂಗಳೂರಿನ ಜುಲೈ ಬಾರ್‌ನಷ್ಟೇ ಎತ್ತರ ಕಾಣುತ್ತದೆ. ಒಂದು 200 ಮಿ.ಮೀ. ಆಸುಪಾಸು, ಇನ್ನೊಂದು ಸಾವಿರ ದಾಟಿದ್ದು.

ಆಮೇಲೆ ಒಂದೇ ವಾಕ್ಯದಲ್ಲಿ ಎರಡೂ ಊರು ಬರಲಿ. ಮೊದಲ ಅರ್ಧ ಪುಟ ಮಂಗಳೂರು, ಮುಂದಿನ ಅರ್ಧ ಪುಟ ಬೆಂಗಳೂರು ಅಂತ ಬರೆದರೆ ಅದು ಹೋಲಿಕೆ ಅಲ್ಲ, ಎರಡು ವಿವರಣೆ. "ಮಂಗಳೂರಿನ ಮಳೆಗೆ ಜುಲೈನಲ್ಲಿ ಒಂದೇ ತುದಿ ಇದ್ದರೆ, ಬೆಂಗಳೂರಿನ ಮಳೆ ಮೇಯಲ್ಲಿ ಒಮ್ಮೆ ಏರಿ, ಜೂನ್‌ನಲ್ಲಿ ತುಸು ತಗ್ಗಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಇನ್ನೂ ಎತ್ತರಕ್ಕೆ ಏರುತ್ತದೆ." "ವರ್ಷದ ಮಳೆ ಮಂಗಳೂರಿನಲ್ಲಿ ಸುಮಾರು 3500 ಮಿ.ಮೀ., ಬೆಂಗಳೂರಿನಲ್ಲಿ ಸಾವಿರದ ಆಸುಪಾಸು." ಹೀಗೆ. ಕಾರಣ ಕೇಳಿದರೆ, ಬೆಂಗಳೂರು ಘಟ್ಟದ ಮರೆಯಲ್ಲಿದೆ, ಮುಂಗಾರು ಗಾಳಿ ಅಲ್ಲಿಗೆ ಬರುವಾಗ ಬಹಳಷ್ಟು ತೇವ ಕಳೆದುಕೊಂಡಿರುತ್ತದೆ.

ಊರಿನ ಹೆಸರೇ ಇಲ್ಲದ ಗ್ರಾಫ್ ಕೊಟ್ಟರೆ ಎಲ್ಲಿಯದು ಅಂತ ಹೇಗೆ ಗುರುತಿಸುವುದು?

ಮೊದಲು ಗೆರೆ ನೋಡಿ, ಆಮೇಲೆ ಬಾರ್. ಗೆರೆ ನಡುವಿನಲ್ಲಿ ಉಬ್ಬಿದ್ದರೆ ಜೂನ್, ಜುಲೈ ಬೇಸಿಗೆ, ಅಂದರೆ ಉತ್ತರಾರ್ಧಗೋಳ. ನಡುವೆ ತಗ್ಗಿದ್ದರೆ ದಕ್ಷಿಣಾರ್ಧಗೋಳ. ಆಸ್ಟ್ರೇಲಿಯಾದ ಪರ್ತ್ ಹಾಗೆ. ಅಲ್ಲಿ ಫೆಬ್ರವರಿಯಲ್ಲಿ ಸುಮಾರು 25 ಡಿಗ್ರಿ, ಜುಲೈನಲ್ಲಿ ಸುಮಾರು 13 ಡಿಗ್ರಿ. ಬಾರ್‌ಗಳು ಮಾತ್ರ ನಡುವಿನಲ್ಲೇ ಎತ್ತರ. ಅವಸರದಲ್ಲಿ ಬಾರ್ ಮಾತ್ರ ನೋಡಿದವರು ಇದನ್ನೂ ಮುಂಗಾರು ಅಂತ ಬರೆದುಬಿಡುತ್ತಾರೆ. ಗೆರೆ ನೋಡಿದರೆ ಆ ಮಳೆ ಬೀಳುವುದು ಚಳಿಗಾಲದಲ್ಲಿ ಅಂತ ಗೊತ್ತಾಗುತ್ತದೆ. ಬೇಸಿಗೆ ಒಣ, ಚಳಿಗಾಲ ಮಳೆ ಅಂದರೆ ಮೆಡಿಟರೇನಿಯನ್ ಮಾದರಿಯ ವಾಯುಗುಣ.

ಗೆರೆ ಪೂರ್ತಿ ಮಟ್ಟಸವಾಗಿದ್ದು ಎಲ್ಲ ತಿಂಗಳೂ ಒಳ್ಳೆಯ ಮಳೆ ಇದ್ದರೆ ಸಮಭಾಜಕದ ಹತ್ತಿರದ ಊರು, ಸಿಂಗಾಪುರದ ಹಾಗೆ. ಮಂಗಳೂರಿನ ಗೆರೆಯೂ ಹೆಚ್ಚುಕಮ್ಮಿ ಮಟ್ಟಸವೇ, ಆದರೆ ಅದರ ಸಣ್ಣ ಉಬ್ಬು ನಡುವಿನಲ್ಲಿಲ್ಲ. ಎಡಕ್ಕೆ ಸರಿದು ಏಪ್ರಿಲ್, ಮೇ ಮೇಲೆ ಕೂತಿದೆ. ಅದರ ಬಲಕ್ಕೇ ಬಾರ್‌ಗಳ ಗೋಡೆ ಎದ್ದಿದೆ. ಮಳೆ ಬರುವ ಮೊದಲೇ ಬಿಸಿಲು ತುದಿ ಮುಟ್ಟಿ, ಮಳೆ ಶುರುವಾದ ಕೂಡಲೇ ಇಳಿದರೆ, ಹೆಸರಿಲ್ಲದಿದ್ದರೂ ಅದು ಮುಂಗಾರಿನ ಊರು ಅಂತ ಬರೆಯಬಹುದು.